ಮೇಲಕ್ಕೆ ಹತ್ತುವ ಆರು ಸಾಲು: ಒಂದು ಸರ್ಚ್ ಟ್ರೀ ಡೆಡ್‌ಲಾಕ್ ಆದ ಪ್ರಕರಣ

ಇದು ನಾನು ಕೆಲಸ ಮಾಡಿದ ಒಂದು ತಂಡದಲ್ಲಿ ನಡೆದದ್ದು. ತಂಡದ ಹೆಸರು, ಸಾಫ್ಟ್‌ವೇರ್‌ನ ಹೆಸರು ಬೇಡ, ಅದರಿಂದ ಯಾರಿಗೂ ಉಪಯೋಗವಿಲ್ಲ. ಆದರೆ ಯಾವ ಲಾಕ್ ಯಾರ ಕೈಲಿತ್ತು, ಯಾರು ಯಾರಿಗೆ ಕಾಯ್ತಾ ನಿಂತರು ಅನ್ನೋದನ್ನು ಬಿಡಿಸಿ ಬರೆಯುತ್ತೇನೆ. ಇದೇ ತಪ್ಪನ್ನು ಬೇರೆ ಕಡೆಯೂ ನೋಡಿದ್ದೇನೆ, ಹೆಚ್ಚುಕಡಿಮೆ ಅದೇ ರೂಪದಲ್ಲಿ.

ಹಿನ್ನೆಲೆ

ಸಿ ಭಾಷೆಯಲ್ಲಿ ಬರೆದ ಒಂದು ಸರ್ವರ್. ಅದರ ಮೆಮೊರಿಯಲ್ಲಿ ಸುಮಾರು ಹತ್ತು ಲಕ್ಷ ಕೀಗಳ ಬೈನರಿ ಸರ್ಚ್ ಟ್ರೀ. ಕೀ ಅಂದ್ರೆ 64 ಬಿಟ್‌ನ ಸಂಖ್ಯೆ, ಎಲ್ಲಾ ಕಡೆ ಸಮನಾಗಿ ಹರಡಿಕೊಂಡು, ಕ್ರಮವಿಲ್ಲದೆ ಬರುತ್ತಿತ್ತು. ಹಾಗಾಗಿ ಟ್ರೀಯನ್ನು ಬ್ಯಾಲೆನ್ಸ್ ಮಾಡುವ ಗೋಜಿಗೇ ಹೋಗಿರಲಿಲ್ಲ. ಕೀಗಳು ಹೀಗೆ ಬಂದರೆ ಟ್ರೀ ತಾನಾಗೇ ಸಾಕಷ್ಟು ಸಮನಾಗಿ ಬೆಳೆಯುತ್ತದೆ, ಒಂದು ಕೀ ಹುಡುಕೋಕೆ ಸರಾಸರಿ 25 ಹೆಜ್ಜೆ ಆಸುಪಾಸು ಇಳಿದರೆ ಸಾಕು.

ಪ್ರತಿ ನೋಡ್‌ನಲ್ಲಿ ಕೀ, ವ್ಯಾಲ್ಯೂ, ಎಡ ಬಲದ ಪಾಯಿಂಟರ್, ಪೇರೆಂಟ್ ಪಾಯಿಂಟರ್. ಜೊತೆಗೆ `count` ಅನ್ನೋ ಒಂದು ಫೀಲ್ಡ್, ಆ ನೋಡ್ ಸೇರಿಸಿ ಅದರ ಕೆಳಗೆ ಒಟ್ಟು ಎಷ್ಟು ನೋಡ್ ಇವೆ ಅಂತ. "ಈ ಕೀಗಿಂತ ಚಿಕ್ಕವು ಎಷ್ಟಿವೆ" ಅಂತ ಕೇಳಿದರೆ ಬೇಗ ಉತ್ತರ ಕೊಡೋಕೆ ಅದು ಬೇಕಿತ್ತು. ಈ `count` ನೆನಪಿಟ್ಟುಕೊಳ್ಳಿ, ಮುಂದೆ ಆಗಿದ್ದೆಲ್ಲ ಇದರ ಸುತ್ತಲೇ.

ಟ್ರೀಗೆ ಒಂದೇ ಒಂದು ಮ್ಯೂಟೆಕ್ಸ್ ಇತ್ತು. ಹುಡುಕಲಿ, ಸೇರಿಸಲಿ, ಅಳಿಸಲಿ, ಮೊದಲು ಅದನ್ನು ಹಿಡಿ, ಕೆಲಸ ಮುಗಿಸು, ಬಿಡು. ಇಂಥ ದೊಡ್ಡ ಲಾಕ್ ಇರೋವರೆಗೆ ಟ್ರೀಯ ಕೋಡನ್ನು ಒಂದೇ ಥ್ರೆಡ್ ಇರುವ ಪ್ರೋಗ್ರಾಂ ಥರಾನೇ ಓದಬಹುದು. ಅದು ಸಣ್ಣ ಸೌಕರ್ಯ ಅಲ್ಲ.

ಸಮಸ್ಯೆ

ಕೆಲಸ ಜಾಸ್ತಿಯಾಗಿ ಥ್ರೆಡ್‌ಗಳನ್ನು 4ರಿಂದ 16ಕ್ಕೆ ಏರಿಸಿದೆವು. ಸೆಕೆಂಡಿಗೆ ಆಗುವ ಕೆಲಸ ಹೆಚ್ಚೂಕಡಿಮೆ ಅಲ್ಲೇ ನಿಂತಿತು. ಪ್ರೊಫೈಲ್ ತೆಗೆದು ನೋಡಿದರೆ ಥ್ರೆಡ್‌ಗಳು ಬಹುಪಾಲು ಹೊತ್ತು ಆ ಒಂದು ಮ್ಯೂಟೆಕ್ಸ್‌ಗೆ ಕಾಯ್ತಾ ಇದ್ದವು.

ಮೊದಲು ಸುಲಭದ್ದನ್ನು ಮಾಡಿದೆವು. ಹೊಸ ನೋಡ್‌ಗೆ `malloc` ಕರೆಯೋದು, ವ್ಯಾಲ್ಯೂ ತುಂಬೋದು, ಇವನ್ನು ಲಾಕ್ ಹಿಡಿಯುವ ಮೊದಲೇ ಮುಗಿಸಿದೆವು. ಸ್ವಲ್ಪ ಸುಧಾರಿಸಿತು. ಆಮೇಲೆ ರೀಡರ್ ರೈಟರ್ ಲಾಕ್ ಹಾಕಿ ನೋಡಿದೆವು, ಹುಡುಕುವವರೆಲ್ಲ ಒಟ್ಟಿಗೆ ಹೋಗಲಿ ಅಂತ. ಆದರೆ ನಮ್ಮಲ್ಲಿ ಸೇರಿಸೋದು ಅಳಿಸೋದೂ ಬಹಳ. ಲಿನಕ್ಸ್‌ನ ಜಿಲಿಬ್‌ಸಿಯಲ್ಲಿ `pthread_rwlock_t` ಏನೂ ಹೇಳದಿದ್ದರೆ ಓದುವವರಿಗೇ ಆದ್ಯತೆ ಕೊಡುತ್ತದೆ. ಓದುವವರು ಒಬ್ಬರ ಹಿಂದೆ ಒಬ್ಬರು ಬರ್ತಾನೇ ಇದ್ದರು, ಬರೆಯುವವರು ಕಾಯ್ತಾ ಕೂತರು. ಅದನ್ನು ವಾಪಸ್ ತೆಗೆದೆವು.

ಆಗ ಬಂದದ್ದೇ ಪ್ರತಿ ನೋಡ್‌ಗೂ ಒಂದೊಂದು ಲಾಕ್ ಅನ್ನೋ ತೀರ್ಮಾನ. ಇಬ್ಬರು ಟ್ರೀಯ ಬೇರೆ ಬೇರೆ ಕೊಂಬೆಯಲ್ಲಿದ್ದರೆ ಒಬ್ಬರಿಗೊಬ್ಬರು ಯಾಕೆ ಕಾಯಬೇಕು, ಅಲ್ವಾ? ಈ ಯೋಚನೆಯಲ್ಲಿ ತಪ್ಪಿಲ್ಲ. ಆದರೆ ಎಲ್ಲಾ ಕೊಂಬೆಗೂ ದಾರಿ ಒಂದೇ ರೂಟ್ ಮೂಲಕ ಅನ್ನೋದನ್ನು ಆ ದಿನ ಯಾರೂ ಗಟ್ಟಿಯಾಗಿ ಹೇಳಲಿಲ್ಲ.

ಕೈಯಿಂದ ಕೈಗೆ

ಚಿಕ್ಕ ಲಾಕ್‌ಗಳೊಂದಿಗೆ ಟ್ರೀಯಲ್ಲಿ ಇಳಿಯುವ ರೀತಿ ಹಳೆಯದು, 1970ರ ದಶಕದಲ್ಲೇ ಬಿ-ಟ್ರೀಗಳಿಗೆ ಬಳಸಿದ್ದು. ಈಗಿನ ನೋಡ್‌ನ ಲಾಕ್ ಕೈಲಿ ಇರುವಾಗಲೇ ಮುಂದಿನದ್ದರ ಲಾಕ್ ಹಿಡಿಯಬೇಕು, ಅದು ಸಿಕ್ಕ ಮೇಲೆ ಹಿಂದಿನದ್ದನ್ನು ಬಿಡಬೇಕು. ಏಣಿ ಇಳಿಯುವಾಗ ಒಂದು ಕೈ ಭದ್ರವಾದ ಮೇಲೆ ಇನ್ನೊಂದು ಕೈ ಬಿಡುವ ಹಾಗೆ.

ಬಿಟ್ಟು ಆಮೇಲೆ ಹಿಡಿದರೆ ಏನಾಗುತ್ತೆ? ಕೀ 30 ಇರುವ ಒಂದು ನೋಡ್, ಅದರ ಕೆಳಗೆ 40 ಅಂದುಕೊಳ್ಳಿ. 30ರ ಲಾಕ್ ಬಿಟ್ಟು, ಕೈಲಿ 40ರ ಪಾಯಿಂಟರ್ ಇಟ್ಟುಕೊಂಡು ಇನ್ನೂ ಲಾಕ್ ಹಿಡಿಯುವ ಮೊದಲು, ಇನ್ನೊಬ್ಬ ಬಂದು 40ನ್ನು ಅಳಿಸಿ `free` ಮಾಡಿಬಿಡಬಹುದು. ಆಗ ನಾವು ಹಿಡಿಯೋದು ಸತ್ತ ಮೆಮೊರಿಯಲ್ಲಿರುವ ಲಾಕ್. ಕೈಯಿಂದ ಕೈಗೆ ಹೋದರೆ ಈ ಸಂದು ಇಲ್ಲ. 40ಕ್ಕೆ ಕಾಯುವವನು 30ನ್ನು ಹಿಡಿದೇ ಇರಬೇಕು. 40ನ್ನು ಕಿತ್ತುಹಾಕುವವನಿಗೂ 30 ಬೇಕು. ಹಾಗಾಗಿ ಅಳಿಸುವ ಹೊತ್ತಿಗೆ 40ಕ್ಕಾಗಿ ಯಾರೂ ಕಾಯ್ತಾ ಇರೋಕೆ ಸಾಧ್ಯವಿಲ್ಲ, ನೇರವಾಗಿ `free` ಮಾಡಬಹುದು. ಒಂದೇ ಷರತ್ತು, ಎಲ್ಲರೂ ಮೇಲಿನಿಂದಲೇ ಬರಬೇಕು.

ಅದೇ ಷರತ್ತು ಡೆಡ್‌ಲಾಕ್ ಆಗದ ಹಾಗೂ ನೋಡಿಕೊಳ್ಳುತ್ತದೆ. ಎಲ್ಲರೂ ಮೇಲಿನದ್ದನ್ನು ಹಿಡಿದು ಕೆಳಗಿನದ್ದಕ್ಕೆ ಮಾತ್ರ ಕಾಯುವುದಾದರೆ, ಕಾಯುವವರ ಸರಪಳಿ ಕೆಳಗೇ ಹೋಗುತ್ತದೆ, ಸುತ್ತಿಕೊಂಡು ವಾಪಸ್ ಬರೋಕೆ ದಾರಿಯಿಲ್ಲ. ರೂಟ್ ಪಾಯಿಂಟರ್‌ಗೂ ಕಾವಲು ಬೇಕಲ್ಲ, ಅದಕ್ಕೆ ಟ್ರೀಯ ತಲೆಗೆ ಕೀ ಇಲ್ಲದ ಒಂದು ಡಮ್ಮಿ ನೋಡ್ ಇಟ್ಟೆವು. ಎಲ್ಲರೂ ಮೊದಲು ಅದರ ಲಾಕ್ ಹಿಡಿದು ಶುರುಮಾಡಬೇಕು.

ತನಗೆ ತಾನೇ ಕಾದ ಥ್ರೆಡ್

ಮೊದಲ ನಿಲುಗಡೆ ಟೆಸ್ಟ್‌ನಲ್ಲೇ ಸಿಕ್ಕಿತು. ಅದೂ ಒಂದೇ ಥ್ರೆಡ್ ಓಡಿಸಿದಾಗ.

ಎರಡೂ ಕಡೆ ಮಕ್ಕಳಿರುವ ನೋಡನ್ನು ಅಳಿಸೋಕೆ ಅದರ ಬಲಕ್ಕಿರುವ ಭಾಗದಲ್ಲಿ ಅತಿ ಚಿಕ್ಕ ಕೀ ಹುಡುಕಿ, ಅದನ್ನು ಇಲ್ಲಿಗೆ ನಕಲು ಮಾಡಿ, ಆ ಚಿಕ್ಕ ನೋಡನ್ನು ಕಿತ್ತುಹಾಕಬೇಕು. ಕಿತ್ತುಹಾಕೋಕೆ ಅದರ ಪೇರೆಂಟ್‌ನ ಲಾಕ್ ಕೂಡ ಬೇಕು. ನಮ್ಮ ಕೋಡ್ ಕೆಳಗೆ ಇಳಿಯೋಕೆ ಒಂದು ಸಾಮಾನ್ಯ ಫಂಕ್ಷನ್ ಕರೆಯುತ್ತಿತ್ತು. ಆ ಫಂಕ್ಷನ್ ಎಲ್ಲಿಂದ ಶುರುವೋ ಆ ನೋಡ್‌ನ ಲಾಕನ್ನು ತಾನೇ ಹಿಡಿಯುತ್ತಿತ್ತು. ಆದರೆ ಶುರುವಾಗೋದು ಅಳಿಸಬೇಕಾದ ನೋಡ್‌ನಿಂದ, ಅದರ ಲಾಕ್ ಆಗಲೇ ನಮ್ಮ ಕೈಲಿದೆ. ಸಾಮಾನ್ಯ ಮ್ಯೂಟೆಕ್ಸನ್ನು ಅದೇ ಥ್ರೆಡ್ ಎರಡನೇ ಸಲ ಹಿಡಿಯೋಕೆ ಹೋದರೆ ಅಲ್ಲೇ ನಿಲ್ಲುತ್ತದೆ, ಶಾಶ್ವತವಾಗಿ.

ರಿಕರ್ಸಿವ್ ಮ್ಯೂಟೆಕ್ಸ್ ಹಾಕಿಬಿಡೋಣ ಅಂತ ಒಬ್ಬರು ಅಂದರು. ನಾನು ಬೇಡ ಅಂದೆ. ಅದರಿಂದ ನಿಲ್ಲೋದು ತಪ್ಪುತ್ತೆ ನಿಜ, ಆದರೆ ಯಾವ ಕ್ಷಣದಲ್ಲಿ ಯಾವ ಲಾಕ್ ನಿಜವಾಗಿ ಬಿಡುಗಡೆಯಾಯ್ತು ಅಂತ ಕೋಡ್ ಓದಿ ಹೇಳೋದೇ ಕಷ್ಟವಾಗುತ್ತೆ. ಕೈಯಿಂದ ಕೈಗೆ ಇಳಿಯುವ ಕೋಡ್‌ನಲ್ಲಿ ನಮಗಿರುವ ಆಧಾರವೇ ಆ ಲೆಕ್ಕ. ಕೊನೆಗೆ ಇಳಿಯುವ ಕೋಡನ್ನು ಹೀಗೆ ತಿದ್ದಿದೆವು (`t` ಅಳಿಸಬೇಕಾದ್ದು, `s` ಆ ಚಿಕ್ಕ ನೋಡ್, `sp` ಅದರ ಪೇರೆಂಟ್):

```c
sp = t;
s = t->right;
pthread_mutex_lock(&s->lock);
while (s->left) {
    node *n = s->left;
    pthread_mutex_lock(&n->lock);
    if (sp != t)
        pthread_mutex_unlock(&sp->lock);
    sp = s;
    s = n;
}
```

`if (sp != t)` ಇದೆಯಲ್ಲ, ಎಲ್ಲಾ ಅದರಲ್ಲೇ ಇದೆ. `t`ಯ ಲಾಕ್ ಕೊನೆವರೆಗೂ ಕೈಲೇ ಇರಬೇಕು, ಅದರ ಕೀ ಬದಲಾಗಲಿದೆ. `t`ಯ ಬಲದ ಮಗುವಿಗೆ ಎಡಕ್ಕೆ ಏನೂ ಇಲ್ಲದಿದ್ದರೆ `sp` ಮತ್ತು `t` ಎರಡೂ ಒಂದೇ ನೋಡ್. ಹಾಗಿದ್ದಾಗ ಕೊನೆಯಲ್ಲಿ ಎರಡು ಸಲ ಬಿಡಬಾರದು, ಅದನ್ನೂ ನೋಡಿಕೊಳ್ಳಬೇಕು. ಜೊತೆಗೆ ಟೆಸ್ಟ್ ಬಿಲ್ಡ್‌ನಲ್ಲಿ ಎಲ್ಲಾ ಮ್ಯೂಟೆಕ್ಸ್‌ಗಳನ್ನೂ `PTHREAD_MUTEX_ERRORCHECK` ಬಗೆಯವನ್ನಾಗಿ ಮಾಡಿದೆವು. ಆಗ ಎರಡನೇ ಸಲ ಹಿಡಿದರೆ ಸುಮ್ನೆ ನಿಲ್ಲುವ ಬದಲು `EDEADLK` ಅಂತ ವಾಪಸ್ ಬರುತ್ತದೆ, ಟೆಸ್ಟ್ ಅಲ್ಲೇ ಕೂಗಿಕೊಳ್ಳುತ್ತದೆ.

ನಿಜವಾದ ಡೆಡ್‌ಲಾಕ್

ಎರಡು ವಾರ ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ಸರ್ವರ್ ಉತ್ತರ ಕೊಡೋದು ನಿಲ್ಲಿಸಿತು. ಕ್ರ್ಯಾಶ್ ಇಲ್ಲ, ಲಾಗ್‌ನಲ್ಲಿ ಏನೂ ಇಲ್ಲ, ಸಿಪಿಯು ಬಳಕೆ ಸೊನ್ನೆ ಹತ್ತಿರ. ಈ ಸೊನ್ನೆಯೇ ದೊಡ್ಡ ಸುಳಿವು. ಲೂಪ್‌ನಲ್ಲಿ ಸಿಕ್ಕಿಬಿದ್ದಿದ್ದರೆ ಸಿಪಿಯು ಉರಿಯುತ್ತಿತ್ತು, ಲಾಕ್‌ಗೆ ಕಾಯುವವರು ಮಲಗಿರುತ್ತಾರೆ.

ಓಡ್ತಾ ಇದ್ದ ಪ್ರೋಸೆಸ್‌ಗೇ ಜಿಡಿಬಿ ಅಂಟಿಸಿ `thread apply all bt` ಕೊಟ್ಟೆವು. ಹದಿನಾರಕ್ಕೆ ಹದಿನಾರೂ ಥ್ರೆಡ್ `__lll_lock_wait`ನಲ್ಲಿ ನಿಂತಿದ್ದವು. ನೋಡಿದ ತಕ್ಷಣ ಎಲ್ಲರೂ ಎಲ್ಲರಿಗೂ ಕಾಯ್ತಾ ಇದ್ದಾರೆ ಅನ್ನಿಸುತ್ತೆ. ಹಾಗಲ್ಲ. ಪ್ರತಿ ಥ್ರೆಡ್ ಯಾವ ಲಾಕ್‌ಗೆ ಕಾಯ್ತಿದೆಯೋ ಅದರ ಒಡೆಯ ಯಾರು ಅಂತ `p n->lock.__data.__owner` ಹಾಕಿ ನೋಡಬೇಕು. ಬರುವ ನಂಬರ್ ಆ ಥ್ರೆಡ್‌ನ ಎಲ್‌ಡಬ್ಲ್ಯೂಪಿ ನಂಬರ್, `info threads`ನಲ್ಲಿ ಅದೇ ಕಾಣುತ್ತದೆ. ಕಾಗದದ ಮೇಲೆ ಬಾಣ ಹಾಕ್ತಾ ಹೋದೆವು. ಹದಿನಾಲ್ಕು ಥ್ರೆಡ್ ಬರೀ ಸಾಲಿನಲ್ಲಿ ನಿಂತಿದ್ದವು: ಕೆಲವು ಡಮ್ಮಿ ನೋಡ್‌ಗೆ, ಅದನ್ನು ಹಿಡಿದವನು ರೂಟ್‌ಗೆ, ರೂಟ್ ಹಿಡಿದವನು ಅದರ ಕೆಳಗಿನದ್ದಕ್ಕೆ. ಬಾಣ ವಾಪಸ್ ತಿರುಗಿದ್ದು ಎರಡೇ ಥ್ರೆಡ್‌ಗಳ ಮಧ್ಯೆ.

ಕೀಗಳನ್ನು ಚಿಕ್ಕದು ಮಾಡಿ ಹೇಳ್ತೀನಿ. ರೂಟ್ 50, ಅದರ ಎಡಕ್ಕೆ 30, 30ರ ಬಲಕ್ಕೆ 40. ಮೊದಲ ಥ್ರೆಡ್ 35ನ್ನು ಸೇರಿಸೋಕೆ ಬಂತು. 50, 30, 40 ಅಂತ ಕೈಯಿಂದ ಕೈಗೆ ಇಳಿದು, 40ರ ಎಡಕ್ಕೆ 35ನ್ನು ತಗುಲಿಸಿತು. ಈಗ ಅದರ ಕೈಲಿರೋದು 40ರ ಲಾಕ್ ಮಾತ್ರ. ಅಷ್ಟರಲ್ಲಿ ಎರಡನೇ ಥ್ರೆಡ್ 45ನ್ನು ಹುಡುಕ್ತಾ ಬಂದು 30ನ್ನು ಹಿಡಿದು 40ಕ್ಕೆ ಕಾಯ್ತಾ ನಿಂತಿತು. ಇಲ್ಲಿಯವರೆಗೆ ಎಲ್ಲಾ ಸರಿ. ಮೊದಲನೆಯದು 40ನ್ನು ಬಿಟ್ಟರೆ ಎರಡನೆಯದು ಮುಂದೆ ಹೋಗುತ್ತೆ. ಆದರೆ ಮೊದಲನೆಯದಕ್ಕೆ ಇನ್ನೊಂದು ಕೆಲಸ ಬಾಕಿಯಿತ್ತು, `count`:

```c
while (n->parent) {
    node *p = n->parent;
    pthread_mutex_lock(&p->lock);
    p->count++;
    pthread_mutex_unlock(&n->lock);
    n = p;
}
```

40ನ್ನು ಹಿಡಿದುಕೊಂಡೇ 30ರ ಲಾಕ್ ಕೇಳಿತು. 30 ಎರಡನೆಯವನ ಕೈಲಿದೆ, ಅವನು 40ಕ್ಕೆ ಕಾಯ್ತಿದ್ದಾನೆ. ಮುಗೀತು.

ಒಂದೇ ಲಾಕ್ ಇದ್ದಾಗಿನ ಕೋಡ್‌ನಲ್ಲಿ ಈ ಲೂಪ್ ಇತ್ತು, ಆಗ ಪೂರ್ತಿ ಸರಿಯಾಗಿತ್ತು. ಚಿಕ್ಕ ಲಾಕ್‌ಗೆ ಬದಲಾಯಿಸುವಾಗ ಎಲ್ಲರೂ ಇಳಿಯುವ ದಾರಿಯನ್ನೇ ನೋಡಿದ್ದೆವು. ಈ ಲೂಪ್ ಕೂಡ "ಮುಂದಿನದ್ದನ್ನು ಹಿಡಿ, ಹಿಂದಿನದ್ದನ್ನು ಬಿಡು" ಅಂತಲೇ ಮಾಡುತ್ತದೆ, ಹಾಗಾಗಿ ರಿವ್ಯೂನಲ್ಲಿ ನಿಯಮದಂತೆಯೇ ಕಂಡಿತು. ದಿಕ್ಕು ಉಲ್ಟಾ ಅನ್ನೋದು ಕಣ್ಣಿಗೆ ಬೀಳಲಿಲ್ಲ.

ಟೆಸ್ಟ್‌ನಲ್ಲಿ ಯಾಕೆ ಸಿಗಲಿಲ್ಲ? ಟೆಸ್ಟ್‌ನಲ್ಲಿ ಟ್ರೀ ದೊಡ್ಡದು, ಥ್ರೆಡ್ ಕಮ್ಮಿ. ಒಬ್ಬ ಹತ್ತುತ್ತಿರುವಾಗ ಇನ್ನೊಬ್ಬ ಅದೇ ದಾರಿಯಲ್ಲಿ ಸರಿಯಾಗಿ ಒಂದು ಹೆಜ್ಜೆ ಮೇಲೆ ಇಳೀತಾ ಇರಬೇಕು. ಅದು ಅಪರೂಪ. ಆಮೇಲೆ ಏಳೇ ಕೀಗಳ ಟ್ರೀ ಮಾಡಿ, ಎಂಟು ಥ್ರೆಡ್ ಬಿಟ್ಟು, ಪ್ರತಿ ಎರಡು ಲಾಕ್‌ಗಳ ನಡುವೆ ಒಂದು `sched_yield()` ಹಾಕಿದೆವು. ಓಡಿಸಿದ ಕೂಡಲೇ ನಿಂತಿತು. ಥ್ರೆಡ್‌ಸ್ಯಾನಿಟೈಸರ್ ಹಾಕಿ ಬಿಲ್ಡ್ ಮಾಡಿದಾಗ ನಿಲ್ಲದೇ ಇದ್ದ ಓಟದಲ್ಲೂ `lock-order-inversion (potential deadlock)` ಅಂತ ಎಚ್ಚರಿಸಿತು. ಎರಡು ಲಾಕ್‌ಗಳನ್ನು ಒಂದು ಕಡೆ ಈ ಕ್ರಮದಲ್ಲಿ, ಇನ್ನೊಂದು ಕಡೆ ಆ ಕ್ರಮದಲ್ಲಿ ಹಿಡಿದದ್ದು ಕಂಡರೆ ಸಾಕು, ಅದು ಹೇಳುತ್ತದೆ. ಇದನ್ನು ಮೊದಲ ದಿನವೇ ಓಡಿಸಬೇಕಿತ್ತು.

ಏನೇನು ಪ್ರಯತ್ನಿಸಿದೆವು

ಮೊದಲ ಸಲಹೆ `pthread_mutex_trylock`. ಹತ್ತುವಾಗ ಮೇಲಿನ ಲಾಕ್ ಸಿಗದಿದ್ದರೆ ಕೈಲಿರೋದನ್ನು ಬಿಟ್ಟು, ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸೋದು. ಡೆಡ್‌ಲಾಕ್ ಹೋಗುತ್ತೆ. ಆದರೆ 40ರ ಲಾಕ್ ಬಿಟ್ಟ ಮೇಲೆ ನಮ್ಮ ಕೈಲಿರುವ 30ರ ಪಾಯಿಂಟರ್‌ಗೆ ಏನು ಭರವಸೆ? ಅಷ್ಟರಲ್ಲಿ 30 ಅಳಿದು `free` ಆಗಿರಬಹುದು. ಹಿಂದೆ ಹೇಳಿದೆನಲ್ಲ, ನೇರವಾಗಿ `free` ಮಾಡೋಕೆ ಧೈರ್ಯ ಬಂದದ್ದೇ ಎಲ್ಲರೂ ಮೇಲಿನಿಂದ ಬರ್ತಾರೆ ಅನ್ನೋ ಷರತ್ತಿನಿಂದ. ಕೆಳಗಿನಿಂದ ಬರುವ ಒಬ್ಬನಿದ್ದರೂ ಆ ಧೈರ್ಯ ಸುಳ್ಳು. ಡೆಡ್‌ಲಾಕ್ ಕೊಟ್ಟು ಮೆಮೊರಿ ತಪ್ಪನ್ನು ತಗೊಂಡ ಹಾಗಾಯ್ತು. ನಿಂತ ಪ್ರೋಗ್ರಾಂ ಕನಿಷ್ಠ ನಿಂತಿದೆ ಅಂತ ತೋರಿಸುತ್ತದೆ, ಇದು ಅದನ್ನೂ ಮಾಡಲ್ಲ.

ಎರಡನೇ ಸಲಹೆ ನನಗೆ ಬಹಳ ಹಿಡಿಸಿತ್ತು. ಹತ್ತೋದೇ ಬೇಡ, ಇಳಿಯುವಾಗಲೇ ದಾರಿಯ ಪ್ರತಿ ನೋಡ್‌ನ `count` ಒಂದೊಂದು ಹೆಚ್ಚಿಸ್ತಾ ಹೋಗೋಣ. ಕೆಳಗೆ ಹೋದ ಮೇಲೆ ಆ ಕೀ ಆಗಲೇ ಇದೆ ಅಂತ ಗೊತ್ತಾದರೆ, ಇನ್ನೊಂದು ಸಲ ತಲೆಯಿಂದ ಅದೇ ಕೀ ಹುಡುಕ್ತಾ ಇಳಿದು ಕಳೆದುಬಿಡೋಣ. ದಿಕ್ಕು ಯಾವಾಗಲೂ ಕೆಳಗೇ, ಡೆಡ್‌ಲಾಕ್ ಇಲ್ಲ.

ಬೋರ್ಡ್ ಮೇಲೆ ಬಿಡಿಸಿದಾಗ ಇದೂ ಬಿತ್ತು. ಅದೇ ಟ್ರೀ, 30ರ ಎಡಕ್ಕೆ 20, 40ರ ಎಡಕ್ಕೆ 35. ಒಬ್ಬ 35ನ್ನೇ ಮತ್ತೆ ಸೇರಿಸೋಕೆ ಬಂದ. 50, 30, 40 ಮೂರರಲ್ಲೂ `count` ಹೆಚ್ಚಿಸಿದ, 35 ಸಿಕ್ಕಿತು, ಸರಿ ವಾಪಸ್ ಕಳೀಬೇಕು. ಅವನು ತಲೆಗೆ ಹೋಗುವಷ್ಟರಲ್ಲಿ ಇನ್ನೊಬ್ಬ 30ನ್ನು ಅಳಿಸಿದ. 30ಕ್ಕೆ ಎರಡೂ ಕಡೆ ಮಕ್ಕಳಿವೆ, ಬಲಭಾಗದಲ್ಲಿ ಅತಿ ಚಿಕ್ಕದು 35. ಹಾಗಾಗಿ 30 ಇದ್ದ ನೋಡ್‌ನೊಳಗೆ 35 ಬಂದು ಕೂತಿತು, ಕೆಳಗಿದ್ದ ನೋಡ್ ಹೋಯಿತು. ಈಗ ಮೊದಲನೆಯವನು 35 ಹುಡುಕ್ತಾ ಇಳಿದರೆ 50 ದಾಟಿದ ಕೂಡಲೇ 35 ಸಿಕ್ಕಿಬಿಡುತ್ತದೆ, ಅಲ್ಲಿಗೇ ನಿಲ್ಲುತ್ತಾನೆ. 50ರಲ್ಲಿ ಕಳೆದ. ಹಿಂದೆ 30 ಆಗಿದ್ದ ನೋಡ್ ಮತ್ತು 40, ಎರಡರಲ್ಲೂ ಒಂದೊಂದು ಹೆಚ್ಚು ಹಾಗೇ ಉಳಿಯಿತು. ಅದು ಯಾವತ್ತೂ ಸರಿಹೋಗಲ್ಲ. ಅಳಿಸುವಾಗ ಕೀ ಒಂದು ನೋಡ್‌ನಿಂದ ಇನ್ನೊಂದಕ್ಕೆ ಜಿಗಿಯುವ ಟ್ರೀಯಲ್ಲಿ, ಒಂದೇ ಕೀಯ ದಾರಿ ಎರಡು ಸಲ ಒಂದೇ ಆಗಿರುತ್ತೆ ಅಂತ ನಂಬೋಕಾಗಲ್ಲ.

ಹೋಗಲಿ, ದಾರಿಯ ಎಲ್ಲಾ ಲಾಕ್‌ಗಳನ್ನೂ ಕೊನೆವರೆಗೆ ಹಿಡಿದುಕೊಂಡೇ ಇರೋಣ ಅಂದರೆ, ಡಮ್ಮಿ ನೋಡ್‌ನ ಲಾಕ್ ಕೂಡ ಕೊನೆವರೆಗೆ ಕೈಲೇ. ಅದು ಹಳೆಯ ದೊಡ್ಡ ಲಾಕೇ, ಮೇಲಿಂದ 25 ಲಾಕ್‌ಗಳ ಖರ್ಚು ಬೇರೆ.

ತಿರುವು

ಈ ಹಂತದಲ್ಲಿ ತಂಡದ ಒಬ್ಬರು ಕೇಳಿದ ಪ್ರಶ್ನೆಯೇ ದಾರಿ ತೋರಿಸಿತು: `count` ಪಕ್ಕಕ್ಕಿಡಿ, ಅದಿಲ್ಲದೆ ಈ ಚಿಕ್ಕ ಲಾಕ್‌ನ ಟ್ರೀ ಹಳೆಯದ್ದಕ್ಕಿಂತ ಬೇಗ ಇದೆಯಾ? ನಾವು ಅದನ್ನು ಅಳೆದೇ ಇರಲಿಲ್ಲ.

`count` ತೆಗೆದು ಅಳೆದೆವು. ಥ್ರೆಡ್ ಕಮ್ಮಿ ಇದ್ದಾಗ ಹಳೆಯ ಒಂದು ಲಾಕಿನ ಟ್ರೀಗಿಂತ ನಿಧಾನ, ಜಾಸ್ತಿ ಇದ್ದಾಗ ಸ್ವಲ್ಪ ಮಾತ್ರ ಮೇಲು. ಕಾರಣ ಮೊದಲೇ ಯೋಚಿಸಿದ್ದರೆ ಗೊತ್ತಾಗುತ್ತಿತ್ತು. ಒಂದು ಹುಡುಕಾಟಕ್ಕೆ ಒಂದು ಸಲ ಹಿಡಿದು ಬಿಡುವ ಬದಲು ಸುಮಾರು 25 ಸಲ. ಎಲ್ಲರೂ ಡಮ್ಮಿ ಮತ್ತು ರೂಟ್‌ನ ಲಾಕ್ ದಾಟಲೇಬೇಕು, ಹಾಗಾಗಿ ಆ ಎರಡು ಲಾಕ್ ಇರುವ ಕ್ಯಾಶ್ ಲೈನ್ ಒಂದು ಕೋರ್‌ನಿಂದ ಇನ್ನೊಂದಕ್ಕೆ ಓಡಾಡ್ತಾನೇ ಇರುತ್ತದೆ. ಒಂದೇ ದಾರಿಯಲ್ಲಿ ಹೋಗುವವರು ಮುಂದಿನವರನ್ನು ದಾಟಿ ಹೋಗೋಕೂ ಆಗಲ್ಲ. ಜೊತೆಗೆ x86-64 ಲಿನಕ್ಸ್‌ನಲ್ಲಿ ಒಂದು `pthread_mutex_t` 40 ಬೈಟ್. ಹತ್ತು ಲಕ್ಷ ನೋಡ್‌ಗೆ 40 ಎಂಬಿ ಬರೀ ಲಾಕ್‌ಗಳಿಗೇ.

ಲಾಕ್ ಇಲ್ಲದೆ ಇಳಿದು, ಗುರಿ ಮುಟ್ಟಿದ ಮೇಲೆ ಮಾತ್ರ ಲಾಕ್ ಹಿಡಿದು, ಪರಿಸ್ಥಿತಿ ಇನ್ನೂ ಹಾಗೇ ಇದೆಯಾ ಅಂತ ಖಚಿತಪಡಿಸಿಕೊಳ್ಳುವ ರೀತಿ ಇದೆ. ಆದರೆ ಯಾರೋ ಲಾಕ್ ಇಲ್ಲದೆ ಓದುತ್ತಿರಬಹುದಾದ ನೋಡನ್ನು ಯಾವಾಗ `free` ಮಾಡಬಹುದು ಅಂತ ತಿಳಿಯೋಕೆ ಬೇರೆ ವ್ಯವಸ್ಥೆಯೇ ಬೇಕು. ಗಾರ್ಬೇಜ್ ಕಲೆಕ್ಟರ್ ಇರುವ ಭಾಷೆಯಲ್ಲಿದ್ದಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಸಿ ಭಾಷೆಯಲ್ಲಿ, ನಮ್ಮ ತಂಡದ ಗಾತ್ರಕ್ಕೆ, ಅದು ಭಾರ.

ಆರಿಸಿದ್ದು ಇದು. ಕೀಯ ಮೇಲಿನ 6 ಬಿಟ್ ತಗೊಂಡು 64 ಬೇರೆ ಬೇರೆ ಟ್ರೀ. ಪ್ರತಿ ಟ್ರೀಗೆ ಒಂದೇ ದೊಡ್ಡ ಲಾಕ್. ಕೀಗಳು ಸಮನಾಗಿ ಹರಡಿದ್ದರಿಂದ ಕೆಲಸವೂ ಸಮನಾಗಿ ಹಂಚಿತು, 16 ಥ್ರೆಡ್ ಒಂದೇ ಲಾಕ್‌ಗೆ ಗುದ್ದಾಡೋದು ಅಪರೂಪವಾಯಿತು. ಮೇಲಿನ ಬಿಟ್‌ಗಳನ್ನೇ ತಗೊಂಡಿದ್ದರಿಂದ ಕೀಗಳ ಕ್ರಮವೂ ಕೆಡಲಿಲ್ಲ. ನನಗೆ ತುಂಬಾ ಖುಷಿ ಕೊಟ್ಟದ್ದು ಇನ್ನೊಂದು: ಒಂದು ಟ್ರೀಯೊಳಗೆ ಒಂದೇ ಲಾಕ್ ಆದ್ದರಿಂದ ಆ ಮೇಲಕ್ಕೆ ಹತ್ತುವ ಲೂಪ್ ವಾಪಸ್ ಬಂತು, ಒಳಗಿನ ಎರಡು ಲಾಕ್ ಸಾಲು ತೆಗೆದು. ಒಂದು ಕೀಗಿಂತ ಚಿಕ್ಕವು ಎಷ್ಟು ಅಂದರೆ, ಮೊದಲಿನ ಟ್ರೀಗಳ ಮೊತ್ತ ಕೂಡಿಸಿ, ಅದರದ್ದೇ ಟ್ರೀಯೊಳಗಿನ ಲೆಕ್ಕ ಸೇರಿಸೋದು.

ಡೆಡ್‌ಲಾಕ್ ಈಗ ಎಲ್ಲಿ ಬರಬಹುದು

ಜಾಗ ಬದಲಾಯಿತು, ಇಲ್ಲವಾಗಲಿಲ್ಲ. ಒಂದು ರೆಕಾರ್ಡಿನ ಕೀ ಬದಲಾಯಿಸುವ ಕೆಲಸಕ್ಕೆ ಎರಡು ಟ್ರೀ ಒಟ್ಟಿಗೆ ಬೇಕು, ಹಳೆಯ ಕೀ ಇರುವುದು ಮತ್ತು ಹೊಸ ಕೀ ಹೋಗುವುದು. ಒಬ್ಬ 41ನೇ ನಂಬರ್‌ನ ಟ್ರೀಯಿಂದ 7ನೇ ನಂಬರ್‌ನದಕ್ಕೆ, ಇನ್ನೊಬ್ಬ 7ರಿಂದ 41ಕ್ಕೆ ಸಾಗಿಸುತ್ತಿದ್ದು, ಇಬ್ಬರೂ ಹಳೆಯದ್ದನ್ನು ಮೊದಲು ಹಿಡಿದರೆ ಮತ್ತೆ ಅದೇ ಕಥೆ. ಹಾಗಾಗಿ ಯಾವುದು ಎಲ್ಲಿಂದ ಎಲ್ಲಿಗೆ ಅಂತ ನೋಡದೆ, ಚಿಕ್ಕ ನಂಬರ್‌ನ ಲಾಕ್ ಮೊದಲು. ಎರಡೂ ಕೀ ಒಂದೇ ಟ್ರೀಯಲ್ಲಿದ್ದರೆ ಒಂದೇ ಸಲ ಹಿಡಿಯಬೇಕು, ಇಲ್ಲದಿದ್ದರೆ ತನಗೆ ತಾನೇ ಕಾದ ಆ ಥ್ರೆಡ್ ವಾಪಸ್ ಬಂದ ಹಾಗೆ. ಈ ಎರಡನ್ನೂ ಒಂದೇ ಫಂಕ್ಷನ್‌ನೊಳಗೆ ಇಟ್ಟು, ಎರಡು ಟ್ರೀಯ ಲಾಕ್ ಬೇಕಾದವರು ಅದನ್ನೇ ಕರೆಯಬೇಕು ಅಂತ ಮಾಡಿದೆವು.

ಹಲವು ಟ್ರೀ ದಾಟಿ ಹೋಗುವ ಸ್ಕ್ಯಾನ್‌ಗೆ ಎಲ್ಲಾ ಲಾಕ್‌ಗಳನ್ನು ಒಟ್ಟಿಗೆ ಹಿಡಿಯಬೇಕಾ ಅಂತ ಬಹಳ ಹೊತ್ತು ಚರ್ಚೆಯಾಯಿತು. ಹಿಡಿದರೆ ಒಂದೇ ಕ್ಷಣದ ಪೂರ್ತಿ ಚಿತ್ರ ಸಿಗುತ್ತೆ, ಆದರೆ ಅಷ್ಟು ಹೊತ್ತು ಉಳಿದವರೆಲ್ಲ ನಿಲ್ಲಬೇಕು. ನಾವು ಒಂದೊಂದಾಗಿ ಹಿಡಿದು, ನಕಲು ತಗೊಂಡು, ಬಿಟ್ಟು ಮುಂದೆ ಹೋಗೋದನ್ನು ಆರಿಸಿದೆವು. ಸ್ಕ್ಯಾನ್ 7ನ್ನು ದಾಟಿದ ಮೇಲೆ ಒಂದು ರೆಕಾರ್ಡ್ 7ರಿಂದ 41ಕ್ಕೆ ಹೋದರೆ ಅದು ಎರಡು ಸಲ ಕಾಣುತ್ತದೆ. 41ರಿಂದ 7ಕ್ಕೆ ಬಂದರೆ ಕಾಣುವುದೇ ಇಲ್ಲ. ಸ್ಕ್ಯಾನ್ ಫಂಕ್ಷನ್‌ನ ಮೇಲಿನ ಕಾಮೆಂಟ್‌ನಲ್ಲಿ ಇದೇ ಉದಾಹರಣೆಯನ್ನು, ಇದೇ ನಂಬರ್‌ಗಳೊಂದಿಗೆ ಬರೆದಿಟ್ಟಿದ್ದೇವೆ.